ಗೆದ್ದವನಿಗೆ 31, ಸೋತವನಿಗೆ 7: ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಒಂದು ವರ್ಷ ಬಿಟ್ಟು ಮೊನ್ನೆ ಚೆಸ್ ತಾಣವಾದ ಲಿಚೆಸ್‌ನಲ್ಲಿ ಮತ್ತೆ ಆಡಿದೆ. ಇಬ್ಬರ ರೇಟಿಂಗೂ 1500. ಗೆದ್ದ ನನಗೆ 31 ಅಂಕ ಬಂದವು, ಎದುರಾಳಿಗೆ ಹೋದದ್ದು ಏಳೇ. ಆಡಿದ್ದು 5+5, ಐದು ನಿಮಿಷ ಮತ್ತು ನಡೆಗೆ ಐದು ಸೆಕೆಂಡು, ಅಂದರೆ ವೇಗದ ಬ್ಲಿಟ್ಜ್. ಆದರೆ ಏರಿದ್ದು ಅದಕ್ಕಿಂತ ನಿಧಾನವಾದ ರ‍್ಯಾಪಿಡ್ ರೇಟಿಂಗ್. ಏನಾದರೂ ತಪ್ಪಾಗಿದೆಯೇ, ಸರ್?
— ಓದುಗರೊಬ್ಬರು, ಜಮಖಂಡಿ

ಉತ್ತರ: ಎರಡೂ ಲೆಕ್ಕ ಸರಿಯಾಗಿಯೇ ಇವೆ. ಮೊದಲು ಗಡಿಯಾರದ ವಿಷಯ. ಲಿಚೆಸ್ ಆರಂಭದ ನಿಮಿಷಗಳನ್ನಷ್ಟೇ ನೋಡುವುದಿಲ್ಲ. ಆಟ 40 ನಡೆಗಳವರೆಗೆ ಸಾಗುತ್ತದೆಂದು ಭಾವಿಸಿ, ಪ್ರತಿ ನಡೆಗೆ ಸೇರುವ ಸೆಕೆಂಡುಗಳನ್ನೂ ಕೂಡಿಸುತ್ತದೆ. ನಿಮ್ಮ ಆಟಕ್ಕೆ 300 + 40 × 5 = 500 ಸೆಕೆಂಡು. ಅಲ್ಲಿ 480 ಸೆಕೆಂಡಿನಿಂದ, ಅಂದರೆ ಎಂಟು ನಿಮಿಷದಿಂದ, ರ‍್ಯಾಪಿಡ್ ಶುರುವಾಗುತ್ತದೆ. 5+3 ಇಟ್ಟಿದ್ದರೆ 420 ಆಗಿ ಬ್ಲಿಟ್ಜ್‌ನಲ್ಲಿಯೇ ಉಳಿಯುತ್ತಿತ್ತು. ಚೆಸ್ ಡಾಟ್ ಕಾಮ್‌ನಲ್ಲಿ ಈ ಗೆರೆ ಹತ್ತು ನಿಮಿಷಕ್ಕಿರುವುದರಿಂದ ಅದೇ 5+5 ಅಲ್ಲಿ ಬ್ಲಿಟ್ಜ್ ಎನಿಸಿಕೊಳ್ಳುತ್ತದೆ. ನಮ್ಮ ವಿಜಯಪುರದ ಹುಡುಗರು ಒಂದು ತಾಣದ ಬ್ಲಿಟ್ಜ್ ಅಂಕವನ್ನು ಇನ್ನೊಂದರ ಬ್ಲಿಟ್ಜ್ ಅಂಕದ ಎದುರು ಇಟ್ಟು ವಾದಕ್ಕಿಳಿಯುವಾಗ ಇದನ್ನು ಮರೆತೇಬಿಡುತ್ತಾರೆ.

ಇನ್ನು ಅಂಕದ ಮಾತು. ಲಿಚೆಸ್ ಬಳಸುವ ಗ್ಲಿಕೊ-2 ಪದ್ಧತಿಯನ್ನು ರೂಪಿಸಿದವರು ಮಾರ್ಕ್ ಗ್ಲಿಕ್‌ಮನ್. ಇದರಲ್ಲಿ ರೇಟಿಂಗ್‌ನ ಜೊತೆಗೆ ಇನ್ನೊಂದು ಸಂಖ್ಯೆ ಇರುತ್ತದೆ. ಆ ರೇಟಿಂಗ್ ಎಷ್ಟು ಅನಿಶ್ಚಿತ ಎಂಬುದನ್ನು ಅದು ಹೇಳುತ್ತದೆ. ಅದನ್ನು ಡೀವಿಯೇಷನ್ ಎನ್ನುತ್ತಾರೆ. ನಿತ್ಯ ಆಡುವವರದು ಕುಗ್ಗುತ್ತದೆ, ಆಟ ಬಿಟ್ಟವರದು ದಿನ ಕಳೆದಂತೆ ಹಿಗ್ಗುತ್ತದೆ. ಸುಮಾರು 60 ಇದ್ದದ್ದು ಒಂದು ವರ್ಷದ ಮೌನದಲ್ಲಿ 110ರ ಹತ್ತಿರಕ್ಕೆ ಬರುತ್ತದೆ; ಅದನ್ನೂ ದಾಟಿದರೆ ರೇಟಿಂಗ್‌ನ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಾಣಿಸಿಕೊಳ್ಳುತ್ತದೆ.

ನಿಮ್ಮದು 110, ಎದುರಾಳಿಯದು 50 ಎಂದು ಹಿಡಿದು ನಾನು ಲೆಕ್ಕ ಹಾಕಿ ನೋಡಿದೆ: ಗೆದ್ದವರಿಗೆ ಸುಮಾರು 31, ಸೋತವರಿಗೆ ಸುಮಾರು 7 ಎಂದೇ ಬರುತ್ತದೆ. ನಿಮ್ಮ ಬಗ್ಗೆ ತಾಣಕ್ಕೆ ತಿಳಿದದ್ದು ಕಡಿಮೆಯಾದ್ದರಿಂದ ಒಂದೇ ಫಲಿತಾಂಶ ನಿಮ್ಮ ಅಂಕವನ್ನು ದೂರಕ್ಕೆ ತಳ್ಳುತ್ತದೆ. ಆತನ ಬಲವನ್ನು ಅದು ಆಗಲೇ ಅಳೆದಿರುವುದರಿಂದ, ಅದೂ ಅಳತೆ ಸಿಗದ ನಿಮ್ಮಂಥವರೆದುರು ಸೋತದ್ದರಿಂದ, ಆತನ ಅಂಕ ಹೆಚ್ಚು ಕದಲುವುದಿಲ್ಲ. ನಿಮ್ಮ ಡೀವಿಯೇಷನ್ 200 ಇದ್ದಿದ್ದರೆ ಇದೇ ಗೆಲುವು 86ರಷ್ಟು ತಂದುಕೊಡುತ್ತಿತ್ತು. ಒಬ್ಬರ ಅಂಕ ಇನ್ನೊಬ್ಬರಿಗೆ ಹೋಗುತ್ತದೆಂಬ ನಮ್ಮ ಎಣಿಕೆ ಈ ಪದ್ಧತಿಗೆ ಹೊಂದುವುದಿಲ್ಲ.

ಆದ್ದರಿಂದ 1531 ಎಂಬುದನ್ನು ಸದ್ಯಕ್ಕೆ ನಂಬಬೇಡಿ. ಮುಂದಿನ ಒಂದು ಸೋಲು ಬಹುಪಾಲು ಅಷ್ಟನ್ನೂ ಹಿಂದಕ್ಕೆ ಒಯ್ಯಬಲ್ಲದು. ಸರಿಸುಮಾರು ನಿಮ್ಮ ಮಟ್ಟದವರೊಡನೆ ಹತ್ತು ಆಟ ಆಡಿದರೆ ಡೀವಿಯೇಷನ್ 80ರ ಆಸುಪಾಸಿಗೆ ಇಳಿಯುತ್ತದೆ, ಆಗ ಒಂದು ಗೆಲುವಿಗೆ 17–18 ಅಂಕವಷ್ಟೇ ಬರುತ್ತದೆ. ನಿಮ್ಮ ಪ್ರೊಫೈಲ್‌ನಲ್ಲಿ ರ‍್ಯಾಪಿಡ್ ಎಂಬುದನ್ನು ಒತ್ತಿದರೆ ಈ ಸಂಖ್ಯೆ ಕಾಣುತ್ತದೆ. ಬ್ಲಿಟ್ಜ್‌ನ ಡೀವಿಯೇಷನ್ ಬೇರೆಯೇ ಇರುವುದರಿಂದ, ಆ ಹತ್ತೂ ಆಟಗಳು 480 ಸೆಕೆಂಡಿನ ಗೆರೆಯ ಒಂದೇ ಬದಿಯಲ್ಲಿರಲಿ.