ಬಿಳಿ ಹೋಗುವುದು ಮತ್ತು ಮುಟ್ಟಿನ ಹೊಟ್ಟೆನೋವು: ಯಾವುದು ಸಹಜ, ಯಾವುದನ್ನು ವೈದ್ಯರಿಗೆ ತೋರಿಸಬೇಕು?

“ನನಗೆ 15 ವರ್ಷ. ದಿನಾ ಸ್ವಲ್ಪ ಸ್ವಲ್ಪ ಬಿಳಿ ಹೋಗುತ್ತೆ. ಮುಟ್ಟಿನ ಮೊದಲ ದಿನ ಹೊಟ್ಟೆನೋವಿಗೆ ಸ್ಕೂಲಿಗೆ ಹೋಗೋಕೇ ಆಗಲ್ಲ. ಅಜ್ಜಿ ‘ಎಲ್ಲರಿಗೂ ಇರೋದೇ’ ಅಂತಾರೆ. ಇದು ನಾರ್ಮಲ್ಲಾ? ಡಾಕ್ಟರ್ ಹತ್ರ ಹೋಗಬೇಕಾ?”

ನಾನು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಕಡೆ ನರ್ಸ್ ಆಗಿ ಕೆಲಸ ಮಾಡಿದವಳು. ಅದರಲ್ಲಿ ಕೆಲವು ವರ್ಷ ಹದಿಹರೆಯದವರಿಗಾಗಿಯೇ ಇರುವ ಸ್ನೇಹಾ ಕ್ಲಿನಿಕ್‌ನಲ್ಲಿ ಕುಳಿತಿದ್ದೇನೆ. ನೀವು ಬರೆದಿರುವಷ್ಟರಿಂದ ಹೇಳುವುದಾದರೆ, ಬಿಳಿ ಹೋಗುತ್ತಿರುವುದು ಸಹಜವಾದದ್ದೇ ಇರಬೇಕು. ನೋವಿನ ವಿಷಯದಲ್ಲಿ ಮಾತ್ರ ನಿಮ್ಮ ಅಜ್ಜಿಯವರ ಮಾತಿನಲ್ಲಿ ಅರ್ಧವನ್ನಷ್ಟೇ ಒಪ್ಪುತ್ತೇನೆ. ಮುಟ್ಟಿನ ನೋವು ಬಹಳ ಜನರಿಗೆ ಇರುತ್ತದೆ ಎಂಬುದು ನಿಜ. ಶಾಲೆ ತಪ್ಪುವಷ್ಟು ನೋವನ್ನು ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕೆಂಬುದು ನಿಜವಲ್ಲ.

ಮೊದಲು ಬಿಳಿಯ ವಿಷಯ. ಹುಡುಗಿ ಮೈನೆರೆಯುವುದಕ್ಕೆ ಆರು ತಿಂಗಳು, ಒಂದು ವರ್ಷ ಮೊದಲೇ ಈಸ್ಟ್ರೋಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಇದು ಆರಂಭವಾಗುತ್ತದೆ, ಆಮೇಲೆ ಮುಟ್ಟು ನಿಲ್ಲುವ ವಯಸ್ಸಿನವರೆಗೂ ಹೆಚ್ಚುಕಡಿಮೆಯಾಗುತ್ತ ಇದ್ದೇ ಇರುತ್ತದೆ. ದಿನಕ್ಕೆ ಅರ್ಧ ಚಮಚದಿಂದ ಒಂದು ಚಮಚದವರೆಗೆ ಹೋಗುವುದು ಸಾಮಾನ್ಯ. ತಿಂಗಳ ಮಧ್ಯದಲ್ಲಿ, ಅಂದರೆ ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಇರುವಾಗ, ಅದು ಮೊಟ್ಟೆಯ ಬಿಳಿಭಾಗದಂತೆ ತಿಳಿಯಾಗಿ, ಬೆರಳುಗಳ ನಡುವೆ ಎಳೆದರೆ ದಾರದಂತೆ ಹಿಗ್ಗುತ್ತದೆ. ಆಗ ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುವ ಸಮಯ. ಆಮೇಲೆ ಗಟ್ಟಿಯಾಗಿ, ಬೆಳ್ಳಗೆ, ಸ್ವಲ್ಪ ಅಂಟಂಟಾಗಿರುತ್ತದೆ. ಒಣಗಿದ ಮೇಲೆ ಬಟ್ಟೆಯ ಮೇಲೆ ತಿಳಿಹಳದಿ ಕಲೆಯಾಗಿ ಉಳಿಯುವುದೂ ಸಹಜವೇ.

ಕ್ಲಿನಿಕ್‌ಗೆ ಬಂದ ಒಬ್ಬ ಹುಡುಗಿ ತನ್ನ ಕಡುನೀಲಿ ಚಡ್ಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು, ನಡುವೆ ಬಣ್ಣ ಹೋಗಿ ತಾಮ್ರದ ಬಣ್ಣಕ್ಕೆ ತಿರುಗಿದ್ದ ಜಾಗವನ್ನು ತೋರಿಸಿ, “ಅಕ್ಕಾ, ಬಟ್ಟೇನೇ ಸುಡ್ತಾ ಇದೆ, ಒಳಗೆ ಏನಾಗಿರಬಹುದು?” ಎಂದು ಅತ್ತುಬಿಟ್ಟಿದ್ದಳು. ಒಳಗೆ ಆಗಿದ್ದು ಒಳ್ಳೆಯದೇ. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳಿರುತ್ತವೆ. ಹಾಲನ್ನು ಮೊಸರು ಮಾಡುವ ಬಳಗಕ್ಕೇ ಸೇರಿದ ಇವು ಅಲ್ಲಿಯೂ ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುತ್ತ, ಬೇರೆ ರೋಗಾಣುಗಳು ನೆಲೆಯೂರದಂತೆ ನೋಡಿಕೊಳ್ಳುತ್ತವೆ. ಆ ಹುಳಿಯೇ ಬಟ್ಟೆಯ ಬಣ್ಣವನ್ನು ಎಳೆಯುತ್ತದೆ, ಲಘುವಾದ ಹುಳಿವಾಸನೆಗೂ ಅದೇ ಕಾರಣ. ಬಿಳಿ ಹೋದರೆ ಮೂಳೆ ಕರಗುತ್ತದೆ, ಮೈಯ ಸತ್ವ ಸೋರಿಹೋಗುತ್ತದೆ ಎಂದು ನಮ್ಮ ಕಡೆ ಹೇಳುವ ಮಾತಿಗೆ ಯಾವ ಆಧಾರವೂ ಇಲ್ಲ. ಸುಸ್ತು ಇದ್ದರೆ ರಕ್ತಹೀನತೆ ಇದೆಯೇ ಎಂದು ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಬೇಕೇ ಹೊರತು ಬಿಳಿಯನ್ನು ದೂರಿ ಪ್ರಯೋಜನವಿಲ್ಲ. ಬಿಳಿ ನಿಲ್ಲಲೆಂದು ಸೋಪು, ಡೆಟಾಲ್ ಹಾಕಿ ಒಳಗೆ ತೊಳೆದರೆ ಕಾವಲಿಗಿದ್ದ ಈ ಬ್ಯಾಕ್ಟೀರಿಯಾಗಳೇ ಸತ್ತು, ಇಲ್ಲದ ಕಾಯಿಲೆಯನ್ನು ನಾವೇ ಕರೆದಂತಾಗುತ್ತದೆ. ಹೊರಭಾಗಕ್ಕೆ ಬರಿಯ ನೀರು ಸಾಕು.

ಹಾಗಾದರೆ ತೋರಿಸಬೇಕಾದದ್ದು ಯಾವುದು? ಪ್ರಮಾಣಕ್ಕಿಂತ ಬದಲಾವಣೆಯನ್ನು ಗಮನಿಸಿ. ಒಡೆದ ಹಾಲಿನಂತೆ ಗರಣೆಗರಣೆಯಾಗಿ ಹೋಗುತ್ತ, ತಡೆಯಲಾರದ ತುರಿಕೆಯೂ ಮೂತ್ರ ತಾಗಿದಾಗ ಉರಿಯೂ ಇದ್ದರೆ ಅದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ಬೂದುಬಣ್ಣದಲ್ಲಿ ನೀರಾಗಿ ಹೋಗುತ್ತ ಮೀನಿನ ವಾಸನೆ ಬಂದರೆ, ಅಥವಾ ಹಸಿರುಮಿಶ್ರಿತ ಹಳದಿಯಾಗಿ ನೊರೆನೊರೆಯಾಗಿದ್ದರೆ, ಅವು ಬೇರೆ ಬೇರೆ ಸೋಂಕುಗಳು, ಅವುಗಳ ಔಷಧಿಯೂ ಬೇರೆ. ಮುಟ್ಟಿಲ್ಲದ ದಿನಗಳಲ್ಲಿ ರಕ್ತ ಬೆರೆತು ಹೋದರೂ ತೋರಿಸಬೇಕು. ಇವುಗಳ ಜೊತೆಗೆ ಜ್ವರ ಮತ್ತು ಕಿಬ್ಬೊಟ್ಟೆಯ ನೋವು ಸೇರಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಯಾರಾದರೂ ನಿಮ್ಮನ್ನು ಮುಟ್ಟಬಾರದ ರೀತಿಯಲ್ಲಿ ಮುಟ್ಟಿದ ನಂತರ ಇಂಥದ್ದು ಶುರುವಾಗಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚಿಡಬೇಡಿ; ಮನೆಯಲ್ಲಿ ಹೇಳಿಕೊಳ್ಳಲಾಗದಿದ್ದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು.

ನಮ್ಮ ಮಲೆನಾಡಿನ ಮಳೆಗಾಲದ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಜೂನ್ ಬಂತೆಂದರೆ ತಂತಿಯ ಮೇಲಿನ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಅದರಲ್ಲೂ ಹುಡುಗಿಯರು ಒಳಉಡುಪನ್ನು ಯಾರ ಕಣ್ಣಿಗೂ ಬೀಳದಂತೆ ಟವಲಿನ ಅಡಿಯಲ್ಲಿ ಹಾಕಿರುತ್ತಾರೆ. ಅರೆತೇವದ ಬಟ್ಟೆಯನ್ನೇ ಹಾಕಿಕೊಂಡು ಶಾಲೆಗೆ ಹೋದರೆ ತೊಡೆಸಂದಿಯಲ್ಲಿ ತುರಿಕೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಬಚ್ಚಲೊಲೆಯ ಹತ್ತಿರದ ಬಿಸಿಯಲ್ಲಿ ಒಣಗಿಸಿ, ಇಲ್ಲವೇ ಇಸ್ತ್ರಿಪೆಟ್ಟಿಗೆ ಆಡಿಸಿ ಹಾಕಿಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ತುರಿಕೆ ಮುಲಾಮುಗಳನ್ನು ಮಾತ್ರ ಹಚ್ಚಬೇಡಿ. ಅವುಗಳಲ್ಲಿ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ, ಎರಡು ದಿನ ತುರಿಕೆ ಅಡಗಿದಂತಾಗಿ ಮೂರನೆಯ ವಾರಕ್ಕೆ ದುಪ್ಪಟ್ಟಾಗುತ್ತದೆ.

ಇನ್ನು ಹೊಟ್ಟೆನೋವು. ಮುಟ್ಟು ಸಮೀಪಿಸಿದಾಗ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುತ್ತದೆ. ಆ ಪದರವನ್ನು ಹೊರಹಾಕುವುದಕ್ಕಾಗಿ ಅದು ಗರ್ಭಕೋಶದ ಸ್ನಾಯುವನ್ನು ಬಟ್ಟೆ ಹಿಂಡಿದಂತೆ ಹಿಂಡಿಸುತ್ತದೆ, ಹಿಂಡಿದಾಗಲೆಲ್ಲ ಆ ಸ್ನಾಯುವಿಗೆ ರಕ್ತ ಕಡಿಮೆಯಾಗಿ ನೋವಾಗುತ್ತದೆ. ಅದು ಹೆಚ್ಚು ತಯಾರಾದವರಿಗೆ ನೋವೂ ಹೆಚ್ಚು. ಅದೇ ರಾಸಾಯನಿಕದಿಂದ ವಾಕರಿಕೆ, ಭೇದಿ, ತಲೆನೋವೂ ಬರುತ್ತವೆ. ಮೈನೆರೆದ ಹೊಸತರಲ್ಲಿ ಅಂಡಾಣು ಬಿಡುಗಡೆಯಾಗದೆಯೇ ಮುಟ್ಟಾಗುವುದು ಹೆಚ್ಚು, ಅಂಥ ಮುಟ್ಟಿನಲ್ಲಿ ನೋವು ಕಡಿಮೆ. ಆದ್ದರಿಂದ “ಮೊದಲು ಇರಲಿಲ್ಲ, ಒಂದು ವರ್ಷದಿಂದ ಶುರುವಾಗಿದೆ” ಎನ್ನುವುದು ಹೆದರಬೇಕಾದ ವಿಷಯವಲ್ಲ. ಸಹಜವಾದ ನೋವಿಗೆ ಒಂದು ವೇಳಾಪಟ್ಟಿ ಇದೆ: ಸ್ರಾವದ ಜೊತೆಗೋ ಅದಕ್ಕೆ ಕೆಲವೇ ಗಂಟೆ ಮೊದಲೋ ಬರುತ್ತದೆ, ಮೊದಲ ದಿನ ಜೋರಾಗಿರುತ್ತದೆ, ಎರಡು ಮೂರು ದಿನದೊಳಗೆ ಹೋಗುತ್ತದೆ, ಮುಂದಿನ ಮುಟ್ಟಿನವರೆಗೆ ಅದರ ಸುಳಿವೂ ಇರುವುದಿಲ್ಲ.

ಒಂದೇ ಹಾಸ್ಟೆಲಿನ ಇಬ್ಬರು ಹುಡುಗಿಯರು ಒಮ್ಮೆ ಜೊತೆಯಾಗಿ ಬಂದಿದ್ದರು. ಇಬ್ಬರದೂ ಒಂದೇ ದೂರು. ಇಬ್ಬರಿಗೂ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ನೋವು ಶುರುವಾದ ದಿನ, ಗಂಟೆ, ಮಾತ್ರೆ ತೆಗೆದುಕೊಂಡ ಹೊತ್ತು, ಕಡಿಮೆಯಾದ ಹೊತ್ತು ಬರೆಯಲು ಹೇಳಿದೆ. ಮೊದಲನೆಯವಳ ಹಾಳೆಯಲ್ಲಿ, ಬೆಳಿಗ್ಗೆ ಆರಕ್ಕೆ ಸ್ರಾವ, ಎಂಟಕ್ಕೆ ನೋವು, ಹನ್ನೆರಡಕ್ಕೆ ಒಂದು ಪ್ಯಾರಾಸಿಟಮಾಲ್, ಸಂಜೆವರೆಗೂ ಹಾಸಿಗೆ ಎಂದಿತ್ತು. ತಪ್ಪಾಗಿದ್ದು ಮಾತ್ರೆಯ ಆಯ್ಕೆಯಲ್ಲೂ ಹೊತ್ತಿನಲ್ಲೂ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್‌ನಂತಹ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಆಗಲೇ ತಯಾರಾಗಿರುವುದನ್ನು ಅಳಿಸಲಾರವು. ಮುಂದಿನ ತಿಂಗಳು ವೈದ್ಯರ ಸಲಹೆಯಂತೆ ಅವಳು ಸ್ರಾವ ಕಂಡ ಕೂಡಲೇ ಎರಡು ಇಡ್ಲಿ ತಿಂದು 400 ಮಿಲಿಗ್ರಾಂ ಐಬುಪ್ರೊಫೆನ್ ತೆಗೆದುಕೊಂಡಳು, ಎಂಟು ಗಂಟೆ ಬಿಟ್ಟು ಊಟದ ನಂತರ ಇನ್ನೊಂದು, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ. ಒಂಬತ್ತೂವರೆಗೆ ಅವಳು ತರಗತಿಯಲ್ಲಿದ್ದಳು. ಈ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು, ದಿನಕ್ಕೆ ಮೂರು ಮೀರಬಾರದು. ಆಸ್ತಮಾ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರೂ ಜ್ವರ ಬಂದಿರುವವರೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಲೇಬಾರದು, ಏಕೆಂದರೆ ಆ ಜ್ವರ ಡೆಂಗಿಯಾಗಿದ್ದರೆ ರಕ್ತಸ್ರಾವದ ಅಪಾಯವಿದೆ. ಮಾತ್ರೆಯ ನಂತರ ಮೈಮೇಲೆ ಗಂಧೆ ಎದ್ದರೆ ನಿಲ್ಲಿಸಿ ತೋರಿಸಬೇಕು.

ಎರಡನೆಯವಳ ಹಾಳೆ ಬೇರೆಯೇ ಕಥೆ ಹೇಳಿತು. ಮುಟ್ಟಿಗೆ ನಾಲ್ಕು ದಿನ ಮೊದಲೇ ನೋವು, ಮುಟ್ಟು ನಿಂತ ಮೇಲೂ ಎರಡು ದಿನ, ಆ ದಿನಗಳಲ್ಲಿ ಮಲವಿಸರ್ಜನೆಗೆ ಕುಳಿತರೆ ಚುಚ್ಚಿದಂತಾಗುವುದು, ಮೂರು ತಿಂಗಳು ಸರಿಯಾದ ಹೊತ್ತಿಗೆ ಮಾತ್ರೆ ತೆಗೆದುಕೊಂಡರೂ ಶಾಲೆ ತಪ್ಪಿದ್ದು, ತಿಂಗಳಿನಿಂದ ತಿಂಗಳಿಗೆ ಏರುತ್ತಿದ್ದ ನೋವು. ಅವಳನ್ನು ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿಸಿದೆವು. ಗರ್ಭಕೋಶದ ಒಳಪದರದಂತಹ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದೆಂದು ಅವರು ಚಿಕಿತ್ಸೆ ಶುರುಮಾಡಿದರು. ಅವಳ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ; ಈ ಕಾಯಿಲೆ ಸ್ಕ್ಯಾನಿಂಗ್‌ನಲ್ಲಿ ಕಾಣದಿರುವುದು ಹೊಸದೇನಲ್ಲ, ಆದ್ದರಿಂದ “ಸ್ಕ್ಯಾನಿಂಗ್ ಸರಿಯಿದೆ, ನಿನ್ನದು ನಾಟಕ” ಎಂದು ಯಾರಾದರೂ ಅಂದರೆ ಒಪ್ಪಬೇಡಿ.

ನೀವು ಮಾತ್ರೆಯನ್ನು ಇನ್ನೂ ಸರಿಯಾದ ಹೊತ್ತಿಗೆ ತೆಗೆದುಕೊಂಡು ನೋಡಿಲ್ಲದಿದ್ದರೆ, ಅಮ್ಮನಿಗೆ ತಿಳಿಸಿ, ನಿಮಗೆ ಆ ಮಾತ್ರೆ ಆಗುತ್ತದೆಯೇ ಎಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಂಡು ಅದರಿಂದಲೇ ಆರಂಭಿಸಿ. ಮೂರು ಮುಟ್ಟಿನಲ್ಲೂ ಉಪಯೋಗವಾಗದಿದ್ದರೆ, ಅಥವಾ ನಿಮ್ಮ ಹಾಳೆಯೂ ಆ ಎರಡನೆಯವಳ ಹಾಳೆಯಂತೆ ಕಾಣತೊಡಗಿದರೆ, ತಜ್ಞರಿಗೆ ತೋರಿಸಿ. ಒಂದು ಪ್ಯಾಡ್ ಒಂದೆರಡು ಗಂಟೆಗೇ ಪೂರ್ತಿ ನೆನೆದು, ಹೀಗೇ ಗಂಟೆಗಟ್ಟಲೆ ನಡೆದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ರಾವ ಏಳು ದಿನ ಮೀರಿದರೆ, ಹತ್ತು ರೂಪಾಯಿ ನಾಣ್ಯದಷ್ಟು ಹೆಪ್ಪುಗಳು ಪದೇಪದೇ ಹೋದರೆ ಅದನ್ನೂ ಮುಂದೂಡಬೇಡಿ. ಹಠಾತ್ತನೆ ಒಂದು ಪಕ್ಕದಲ್ಲಿ ಸಹಿಸಲಾರದ ನೋವು ಬಂದು ವಾಂತಿಯಾಗುತ್ತಿದ್ದರೆ ರಾತ್ರಿಯೇ ಆದರೂ 108ಕ್ಕೆ ಕರೆ ಮಾಡಿ. ಅಂಡಾಶಯ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆಗಳು. ನಿಮ್ಮ ತಂಗಿಗೋ ಗೆಳತಿಗೋ ಮೈನೆರೆಯದೆಯೇ ತಿಂಗಳು ತಿಂಗಳೂ ಹೊಟ್ಟೆನೋವು ಬರುತ್ತಿದ್ದರೆ ಗ್ಯಾಸ್ಟ್ರಿಕ್ ಎಂದು ಬಿಡಬೇಡಿ, ಒಳಗೆ ಮುಟ್ಟಾಗಿ ರಕ್ತಕ್ಕೆ ಹೊರಬರುವ ದಾರಿ ಇಲ್ಲದಿರಬಹುದು. ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಅದು ಹೆಚ್ಚಾಗಿ ಸರಿಹೋಗುತ್ತದೆ.

ಬಹಳಷ್ಟು ಹುಡುಗಿಯರು ಆಸ್ಪತ್ರೆಗೆ ಬರದಿರುವುದು ಒಳಗೆ ಕೈಹಾಕಿ ನೋಡುತ್ತಾರೆಂಬ ಹೆದರಿಕೆಯಿಂದ. ಮುಟ್ಟಿನ ನೋವೆಂದು ಬರುವ ನಿಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಪ್ರಶ್ನೆ ಕೇಳುತ್ತಾರೆ, ಹೊಟ್ಟೆಯನ್ನು ಮೇಲಿನಿಂದ ಒತ್ತಿ ನೋಡುತ್ತಾರೆ, ಬೇಕೆನಿಸಿದರೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಅದಕ್ಕೆ ಮೂತ್ರಕೋಶ ತುಂಬಿರಬೇಕಾದ್ದರಿಂದ ಮೊದಲೇ ಒಂದು ಲೀಟರಿನಷ್ಟು ನೀರು ಕುಡಿದು ಮೂತ್ರ ತಡೆದುಕೊಂಡು ಕುಳಿತಿರಬೇಕಾಗುತ್ತದೆ, ಕಷ್ಟವೆಂದರೆ ಅದೊಂದೇ. ಹೋಗುವಾಗ ನೋಟ್‌ಪುಸ್ತಕದ ಆ ಹಾಳೆಯನ್ನು ಮರೆಯದೆ ತೆಗೆದುಕೊಂಡು ಹೋಗಿ.