‘ಈ ತಿಂಗಳು ಮಾತ್ರ’ ಎನ್ನುವ ಖರ್ಚು

ಪ್ರಶ್ನೆ: ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದೇನೆ, ಎರಡು ಸಂಬಳ ಬಂದಿದೆ. ನೇಮಕಾತಿ ಪತ್ರದಲ್ಲಿ ವರ್ಷಕ್ಕೆ 4,80,000 ಎಂದಿತ್ತು. ತಿಂಗಳಿಗೆ 40,000 ಬರುತ್ತದೆ ಎಂದುಕೊಂಡು, ಮನೆಗೆ 10,000 ಕಳಿಸುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟೆ. ಕೈಗೆ ಬರುತ್ತಿರುವುದು 33,000. ಓದಿನ ಸಾಲದ ಕಂತು ಇನ್ನು ನಾಲ್ಕು ತಿಂಗಳಿಗೆ ಶುರುವಾಗುತ್ತದೆ, ಅದು 4,500. ಮೊಬೈಲಿನಲ್ಲಿ ಸಣ್ಣಪುಟ್ಟ ಖರ್ಚನ್ನೆಲ್ಲ ಬರೆದಿಡುತ್ತೇನೆ, ದುಂದು ಮಾಡುವವಳಲ್ಲ. ಆದರೂ 20ನೇ ತಾರೀಖಿಗೆ ಖಾತೆ ಖಾಲಿ. ಕಳೆದ ತಿಂಗಳು ಗೆಳತಿಯ ಹತ್ತಿರ 3,000 ಸಾಲ ಮಾಡಿದೆ. ಎರಡೂ ತಿಂಗಳ ಖರ್ಚಿನ ಲೆಕ್ಕ ಜೊತೆಗಿಟ್ಟಿದ್ದೇನೆ. ಬಜೆಟ್ ಎಲ್ಲಿಂದ ಶುರು ಮಾಡಲಿ? ಅಮ್ಮನಿಗೆ ಏನಂತ ಹೇಳಲಿ?

ಉತ್ತರ: ಆ 40,000ವನ್ನು ಇವತ್ತೇ ಮರೆತುಬಿಡಿ. ನೇಮಕಾತಿ ಪತ್ರದ ವರ್ಷದ ಮೊತ್ತದಲ್ಲಿ ನಿಮ್ಮ ಕೈಗೆ ತಿಂಗಳು ತಿಂಗಳು ಬಾರದ ಹಣವೂ ಸೇರಿರುವುದುಂಟು. ನಿವೃತ್ತಿ ನಿಧಿಗೆ ಕಂಪನಿ ಹಾಕುವ ಪಾಲು, ವರ್ಷಕ್ಕೊಮ್ಮೆ ಕೊಡುವ, ಕೆಲವೊಮ್ಮೆ ಕೊಡದೆಯೂ ಇರುವ ಬೋನಸ್, ಇಂಥವು. ಉಳಿದದ್ದರಲ್ಲಿ ತೆರಿಗೆಯೂ ನಿಮ್ಮ ಪಾಲಿನ ಕಡಿತವೂ ಹೋಗುತ್ತವೆ. ಸಂಬಳದ ಚೀಟಿಯ ಕಡಿತಗಳ ಸಾಲನ್ನು ಒಮ್ಮೆ ಓದಿ, ಅರ್ಥವಾಗದ ಕಡಿತವಿದ್ದರೆ ಲೆಕ್ಕಪತ್ರ ವಿಭಾಗದಲ್ಲಿ ಕೇಳಿ. ಬಜೆಟ್ಟಿಗೆ ಬೇಕಾದ ಸಂಖ್ಯೆ ಒಂದೇ, ಖಾತೆಗೆ ಜಮೆಯಾದ 33,000.

ಇನ್ನು ನೀವು ಕಳಿಸಿದ ಲೆಕ್ಕ. ಬಾಡಿಗೆ 9,500, ಕರೆಂಟು-ನೀರಿನ ಪಾಲು 700, ಫೋನು ಮತ್ತು ಇಂಟರ್ನೆಟ್ 800, ಓಡಾಟದ ಪಾಸು 2,000. ಒಟ್ಟು 13,000. ಊಟ, ದಿನಸಿ, ಸೋಪು-ಪೇಸ್ಟು ಸೇರಿ ಸುಮಾರು 6,000. ಮನೆಗೆ 10,000. ಎಲ್ಲ ಕೂಡಿದರೆ 29,000. ಅಂದರೆ ಕಾಗದದ ಮೇಲೆ 4,000 ಮಿಗಬೇಕಿತ್ತು. ಮಿಗಲಿಲ್ಲ, ಮೇಲೆ ಸಾಲವಾಯಿತು.

ಆ ಹಣ ಹೋದ ದಾರಿ ನಿಮ್ಮ ಪಟ್ಟಿಯಲ್ಲೇ ಇದೆ. ನೀವು ಮೂರು ಕಡೆ ‘ಈ ತಿಂಗಳು ಮಾತ್ರ’ ಎಂದು ಬರೆದು ಅದನ್ನು ಲೆಕ್ಕದಿಂದ ಹೊರಗಿಟ್ಟಿದ್ದೀರಿ. ಮೊದಲ ತಿಂಗಳು ಆಫೀಸಿಗೆಂದು ಬಟ್ಟೆ, ಶೂ. ಎರಡನೇ ತಿಂಗಳು ಮನೆಗೆ ಹೋಗಿಬಂದ ಪ್ರಯಾಣ, ಅದೇ ವಾರ ಒಡೆದ ಫೋನಿನ ಪರದೆ. ಬಟ್ಟೆ ಪ್ರತಿ ತಿಂಗಳೂ ಕೊಳ್ಳುವುದಿಲ್ಲ, ಪರದೆ ಪ್ರತಿ ತಿಂಗಳೂ ಒಡೆಯುವುದಿಲ್ಲ, ಅದು ನಿಜ. ಆದರೆ ಇಂಥದ್ದು ಯಾವುದಾದರೂ ಒಂದು ಪ್ರತಿ ತಿಂಗಳೂ ಬಂದೇ ಬರುತ್ತದೆ. ಮುಂದಿನ ತಿಂಗಳು ಯಾರದೋ ಮದುವೆ, ಅದರ ಮುಂದಿನದು ವಿಮೆಯ ಕಂತು, ಆಮೇಲೊಂದು ಹಲ್ಲುನೋವು. ಹೊಸದಾಗಿ ದುಡಿಯತೊಡಗಿದವರ ಬಜೆಟ್ ಮುರಿಯುವುದು ಹೆಚ್ಚಾಗಿ ಇಲ್ಲಿ. ಚಿಲ್ಲರೆ ಖರ್ಚು ಬರೆದಿಡುವ ಶಿಸ್ತಿನಿಂದ ಈ ತೂತು ಮುಚ್ಚುವುದಿಲ್ಲ. ನನ್ನನ್ನು ಕೇಳಿದರೆ ಆ ಆ್ಯಪನ್ನು ಇನ್ನೊಂದು ತಿಂಗಳು ಇಟ್ಟುಕೊಂಡು ತೆಗೆದುಹಾಕಿ. ಊಟಕ್ಕೆ ಎಷ್ಟು ಬೇಕೆಂದು ತಿಳಿಯಲು ಮೂರು ತಿಂಗಳ ದಾಖಲೆ ಸಾಕು.

ಅದಕ್ಕೆ ಬದಲಾಗಿ ಒಂದು ಭಾನುವಾರ ಕುಳಿತು 12 ತಿಂಗಳ ಹೆಸರು ಬರೆದುಕೊಳ್ಳಿ. ಯಾವ ತಿಂಗಳು ಏನು ಬರುತ್ತದೆ ಎಂದು ನೆನಪಾದಷ್ಟನ್ನು ಅದರ ಮುಂದೆ ಹಾಕಿ. ನಿಮ್ಮ ಪತ್ರ ನೋಡಿ ನಾನು ಹಾಕಿದ ಅಂದಾಜು ಹೀಗಿದೆ. ಮನೆಗೆ ವರ್ಷಕ್ಕೆ ನಾಲ್ಕು ಸಲ ಹೋಗಿಬರಲು 6,000, ಬಟ್ಟೆ ಮತ್ತು ಪಾದರಕ್ಷೆಗೆ 8,000, ಆರೋಗ್ಯ ವಿಮೆಗೆ 6,000, ಫೋನಿನ ರಿಪೇರಿ ಇಲ್ಲವೇ ಮುಂದೊಂದು ಹೊಸ ಫೋನಿಗೆಂದು 6,000, ಮದುವೆ-ಮುಂಜಿ ಉಡುಗೊರೆಗೆ 4,000, ವೈದ್ಯರು ಮತ್ತು ಔಷಧಿಗೆ 3,000, ನೀವು ಬರೆಯಬೇಕೆಂದಿರುವ ಪರೀಕ್ಷೆಯ ಶುಲ್ಕ 3,000. ಒಟ್ಟು 36,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,000. ಇದನ್ನು ಬಾಡಿಗೆಯಷ್ಟೇ ಖಚಿತವಾದ ಖರ್ಚು ಎಂದು ಎಣಿಸಿ, ಸಂಬಳ ಬಂದ ಮರುದಿನವೇ ಬೇರೆ ಖಾತೆಗೆ ಹಾಕಿ. ಖಾತೆಗೆ ‘ವರ್ಷದ ಖರ್ಚು’ ಎಂದೇ ಹೆಸರಿಡಿ. ‘ಉಳಿತಾಯ’ ಎಂದು ಕರೆದರೆ ತೆಗೆಯುವಾಗ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಇದು ಖರ್ಚಾಗಲೆಂದೇ ಇರುವ ಹಣ.

ಇದರಲ್ಲಿ ಒಂದು ತೊಡಕಿದೆ. ಭಾಗಾಕಾರ ಸರಿಯಾಗಿದ್ದರೂ ಖಾತೆ ಶುರುವಾಗುವುದು ಸೊನ್ನೆಯಿಂದ. ನಿಮ್ಮ ವಿಮೆಯ ಕಂತು ಎರಡನೇ ತಿಂಗಳಲ್ಲೇ ಬರುತ್ತದೆ. ಆ ಹೊತ್ತಿಗೆ ಖಾತೆಯಲ್ಲಿ 6,000 ಇರುತ್ತದೆ, ಕಂತೂ 6,000. ಅದೇ ತಿಂಗಳು ಮನೆಗೆ ಹೋಗಿಬಂದರೆ 1,500 ಕಡಿಮೆ ಬೀಳುತ್ತದೆ. ಆದ್ದರಿಂದ ಮೊದಲ ಆರು ತಿಂಗಳ ಮಟ್ಟಿಗೆ ತಿಂಗಳ ಕೊನೆಯ ಬಾಕಿ ಎಷ್ಟಿರುತ್ತದೆ ಎಂದು ಸಾಲಾಗಿ ಬರೆದು ನೋಡಿ. ಎಲ್ಲಿಯಾದರೂ ಸೊನ್ನೆಗಿಂತ ಕೆಳಗಿಳಿದರೆ ಪ್ರಯಾಣವನ್ನು ಒಂದು ತಿಂಗಳು ಮುಂದೆ ಹಾಕಿ, ಇಲ್ಲವೇ ಕೆಳಗೆ ಹೇಳುವ ಇನ್ನೊಂದು ಹಣದಿಂದ ತುಂಬಿಕೊಳ್ಳಿ.

ಈಗ ಸಾಲದ ಕಂತಿಗೆ ಬರೋಣ. ನಿಮಗೆ ನಾಲ್ಕು ತಿಂಗಳು ಉಸಿರಾಡಲು ಸಮಯವಿದೆ ಅನಿಸುತ್ತಿರಬಹುದು. ನಾನಾಗಿದ್ದರೆ ಆ ಕಂತು ಮುಂದಿನ ಸಂಬಳದಿಂದಲೇ ಶುರುವಾಯಿತು ಎಂದುಕೊಂಡು 4,500 ತೆಗೆದಿಡುತ್ತೇನೆ. ಸಾಲ ಕಟ್ಟದೆಯೇ ಆ ಹಣವಿಲ್ಲದೆ ಬದುಕುವ ಅಭ್ಯಾಸವಾಗುತ್ತದೆ, ನಾಲ್ಕು ತಿಂಗಳಲ್ಲಿ 18,000 ಕೂಡಿಕೊಳ್ಳುತ್ತದೆ. ಅದರಲ್ಲಿ ಮೊದಲು ಗೆಳತಿಯ 3,000 ತೀರಿಸಿ. ಮಿಕ್ಕ 15,000 ನಿಮ್ಮ ತುರ್ತು ಹಣ. ಬಾಡಿಗೆ ಮೊದಲಾದ 13,000, ಊಟದ 6,000, ಎರಡೂ ಸೇರಿ ನಿಮ್ಮ ತಿಂಗಳ ತೀರಾ ಅಗತ್ಯ 19,000. ಅಂದರೆ ಒಂದು ಸಂಬಳ ತಡವಾದರೂ ಮೂರು ವಾರ ಕಳೆಯಬಹುದು. ವಿಮೆಯ ತಿಂಗಳಲ್ಲಿ ಬೀಳುವ 1,500ರ ಕೊರತೆಗೂ ಇದೇ ಆಸರೆ, ಆದರೆ ಮರುತಿಂಗಳು ಅದನ್ನು ವಾಪಸು ಹಾಕಬೇಕು. ಅಂದಹಾಗೆ ಬಹಳಷ್ಟು ಓದಿನ ಸಾಲಗಳಲ್ಲಿ ಕಂತು ಶುರುವಾಗುವ ಮೊದಲೂ ಬಡ್ಡಿ ಬೆಳೆಯುತ್ತಿರುತ್ತದೆ. ಸಾಲದ ಕಾಗದದಲ್ಲಿ ಮೊದಲ ಕಂತಿನ ತಾರೀಖು, ಮೊತ್ತ, ಈಗಿನ ಬಾಕಿ ಮೂರನ್ನೂ ನೋಡಿಕೊಳ್ಳಿ. ಬ್ಯಾಂಕ್ ಹೇಳುವ ಕಂತು 4,500ಕ್ಕಿಂತ ಹೆಚ್ಚಿದ್ದರೆ ಈ ಲೆಕ್ಕವೂ ಬದಲಾಗುತ್ತದೆ.

ಹಾಗಾದರೆ 13,000, 6,000, 3,000, 4,500 ಕೂಡಿದರೆ 26,500. ಉಳಿಯುವುದು 6,500. ಅಷ್ಟರಲ್ಲೇ ಮನೆಗೆ ಕಳಿಸುವುದೂ ನಿಮ್ಮ ಸ್ವಂತದ ಖರ್ಚೂ ಆಗಬೇಕು. 10,000 ಅಲ್ಲಿ ಹಿಡಿಸುವುದಿಲ್ಲ. ಎಲ್ಲಿ ಹಿಂಡಿದರೂ ಹಿಡಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಮನೆಗೆ 5,000, ನಿಮಗೆ 1,500. ಆ 1,500ನ್ನು ಸೊನ್ನೆ ಮಾಡಿ ಮನೆಗೆ ಸೇರಿಸುವ ಆಸೆ ಬೇಡ. ಗೆಳತಿಯರ ಜೊತೆ ಒಂದು ಸಿನಿಮಾ ನೋಡಲೂ ಹಣವಿಲ್ಲದ ಬಜೆಟ್ ಎರಡನೇ ವಾರಕ್ಕೇ ಕೈಕೊಡುತ್ತದೆ, ಆಮೇಲೆ ಊಟದ ದುಡ್ಡಿಗೆ ಕೈ ಹೋಗುತ್ತದೆ.

ಅಗತ್ಯಕ್ಕೆ ಶೇ 50, ಆಸೆಗೆ ಶೇ 30, ಉಳಿತಾಯಕ್ಕೆ ಶೇ 20 ಎನ್ನುವ ಸೂತ್ರ ನೀವೂ ಎಲ್ಲೋ ಓದಿರುತ್ತೀರಿ. ಬಾಡಿಗೆ, ಊಟ, ಕಂತು ಸೇರಿಯೇ ನಿಮಗೆ 23,500, ಅಂದರೆ ಶೇ 71. ಮೊದಲ ಸಂಬಳಕ್ಕೆ ಆ ಸೂತ್ರ ಹೊಂದದಿದ್ದರೆ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ.

ನಡೆಸುವ ಕ್ರಮ ಹೀಗಿರಲಿ. ಸಂಬಳ ಬಂದ ಮರುದಿನ ಮನೆಗೆ, ವರ್ಷದ ಖರ್ಚಿಗೆ, ಕಂತಿಗೆ ಹಣ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಸಂಬಳದ ದಿನವೇ ಇಟ್ಟರೆ ಜಮೆ ಸಂಜೆ ಆದಾಗ ಸೂಚನೆ ವಿಫಲವಾಗಿ, ಕೆಲವು ಬ್ಯಾಂಕುಗಳಲ್ಲಿ ದಂಡವೂ ಬೀಳುತ್ತದೆ. ಬಾಡಿಗೆ, ಬಿಲ್ಲಿನ 13,000 ಸಂಬಳದ ಖಾತೆಯಲ್ಲೇ ಇರಲಿ. ಊಟ ಮತ್ತು ಸ್ವಂತದ 7,500 ಮಾತ್ರ ದಿನವೂ ಬಳಸುವ ಕಾರ್ಡಿನ ಖಾತೆಗೆ ಬರಬೇಕು, ಅದೂ ಒಮ್ಮೆಲೇ ಅಲ್ಲ, ವಾರ ವಾರ.

ಇಲ್ಲಿ ಬಹಳ ಜನ 7,500ನ್ನು ನಾಲ್ಕರಿಂದ ಭಾಗಿಸಿ ವಾರಕ್ಕೆ 1,875 ಇಟ್ಟುಕೊಳ್ಳುತ್ತಾರೆ. ತಿಂಗಳ ಕೊನೆಯ ಎರಡು ಮೂರು ದಿನಕ್ಕೆ ಏನೂ ಉಳಿಯುವುದಿಲ್ಲ. 31ರಿಂದ ಭಾಗಿಸಿ ಏಳರಿಂದ ಗುಣಿಸಿ, ಸುಮಾರು 1,690 ಆಗುತ್ತದೆ. ನಾಲ್ಕು ವಾರಕ್ಕೆ 6,760 ಹೋಗಿ ಕೊನೆಯ ಮೂರು ದಿನಕ್ಕೆ 740 ಉಳಿಯುತ್ತದೆ. ವಾರದ ಹಣ ಸೋಮವಾರ ಬರಲಿ. ಶುಕ್ರವಾರ ಬಂದರೆ ಶನಿವಾರ-ಭಾನುವಾರದಲ್ಲೇ ಅರ್ಧ ಮುಗಿದಿರುತ್ತದೆ. ಸೋಮವಾರ ಬಂದರೆ ಶುಕ್ರವಾರ ಸಂಜೆ ಬಾಕಿ ನೋಡಿ, ವಾರಾಂತ್ಯ ಹೇಗೆ ಕಳೆಯಬೇಕೆಂದು ತೀರ್ಮಾನಿಸಬಹುದು.

ಮೂರು ವಾರ ಸತತವಾಗಿ ಶುಕ್ರವಾರಕ್ಕೇ ಹಣ ಮುಗಿದರೆ ಊಟಕ್ಕೆ ಹಾಕಿದ 6,000 ಸಾಲದು ಎಂದರ್ಥ. ಆಗ ಅದನ್ನು 6,500 ಮಾಡಿ, ಆ 500 ಯಾವುದರಿಂದ ಬರುತ್ತದೆ ಎಂದು ಅದೇ ಕಾಗದದಲ್ಲಿ ಬರೆಯಿರಿ. ಕ್ರೆಡಿಟ್ ಕಾರ್ಡಿನಿಂದ ತುಂಬಿಸಬೇಡಿ. ಬಿಲ್ಲಿನಲ್ಲಿ ಕಾಣುವ ‘ಕನಿಷ್ಠ ಪಾವತಿ’ ಕಟ್ಟಿದರೆ ದಂಡ ತಪ್ಪುತ್ತದೆ, ಆದರೆ ಮಿಕ್ಕ ಬಾಕಿಯ ಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ.

ಅಮ್ಮನ ವಿಷಯ ಕೊನೆಗಿಟ್ಟೆ, ಯಾಕೆಂದರೆ ಲೆಕ್ಕ ಕೈಯಲ್ಲಿಲ್ಲದೆ ಆ ಮಾತು ಶುರುವಾದರೆ ಅದು ಬರೀ ಕ್ಷಮೆ ಕೇಳುವ ಮಾತಾಗುತ್ತದೆ. ಮುಂದಿನ ಸಂಬಳ ಬರುವ ಮೊದಲೇ ಫೋನ್ ಮಾಡಿ. “ಅಮ್ಮಾ, 40,000 ಬರುತ್ತೆ ಅಂದುಕೊಂಡು 10,000 ಅಂದಿದ್ದೆ. ಕೈಗೆ ಬರೋದು 33,000. ಲೋನ್ ಕಂತೂ ಶುರುವಾಗುತ್ತೆ. ಇನ್ನು ಮೇಲೆ 5,000 ಕಳಿಸ್ತೀನಿ, ಆದ್ರೆ ಪ್ರತಿ ತಿಂಗಳೂ ಅದೇ ದಿನ ತಪ್ಪದೆ ಬರುತ್ತೆ” ಎಂದು ಹೇಳಿ. ಆಮೇಲೆ ಒಂದು ಪ್ರಶ್ನೆ ಕೇಳಿ: “ನಾನು ಕಳಿಸಿದ ದುಡ್ಡನ್ನ ನೀನು ಯಾವುದಕ್ಕಾದ್ರೂ ಅಂತ ಇಟ್ಕೊಂಡಿದ್ದೀಯಾ?” ಹಾಗೇ ಇಟ್ಟಿದ್ದಾರೆ ಎಂದರೆ ಮಾತು ಅಲ್ಲಿಗೆ ಮುಗಿಯಿತು. ತಮ್ಮನ ಫೀಸಿಗೋ ಯಾರದೋ ಸಾಲಕ್ಕೋ ಆಗಲೇ ಹೊಂದಿಸಿಬಿಟ್ಟಿದ್ದರೆ ಒಮ್ಮೆಲೇ ಅರ್ಧಕ್ಕಿಳಿಸಬೇಡಿ. ಮೊದಲೆರಡು ತಿಂಗಳು 7,500 ಕಳಿಸಿ, ಮೂರನೇ ತಿಂಗಳಿನಿಂದ 5,000. ಆ ಎರಡು ತಿಂಗಳು ಕಂತಿನ ಜಾಗದಲ್ಲಿ 4,500ರ ಬದಲು 2,000 ಇಡಬೇಕಾಗುತ್ತದೆ. ಗೆಳತಿಯ ಸಾಲ ತೀರಿದ ಮೇಲೆ ತುರ್ತು ಹಣ 15,000ರ ಬದಲು 10,000ಕ್ಕೆ ನಿಲ್ಲುತ್ತದೆ. ಮನೆಗೆ ಹೋಗುವ ಮೊದಲ ಪ್ರಯಾಣವನ್ನು ವಿಮೆಯ ತಿಂಗಳು ಕಳೆದ ಮೇಲಕ್ಕೆ ಹಾಕಿಕೊಂಡರೆ ಅಷ್ಟರಲ್ಲೂ ನಡೆಯುತ್ತದೆ.