ಮಳೆ ಲೆಕ್ಕದ ಸಾಲುಗಳಲ್ಲಿ ಪಕ್ಕದ ಕಾಲಂಗೆ ಜಾರಿದ ಅಂಕಿಯನ್ನು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ತೋಟದ ಹಳೆಯ ಮಳೆ ಪುಸ್ತಕವನ್ನು ಸ್ಕ್ಯಾನ್ ಮಾಡಿ ಸಾಲುಗಳನ್ನು ತೆಗೆದಿದ್ದೇನೆ. ಕೆಲವು ಕಡೆ ಒಂದು ತಿಂಗಳ ಅಂಕಿ ಪಕ್ಕದ ತಿಂಗಳಿಗೆ ಹೋಗಿ ಕೂತಿದೆ. ಎಲ್ಲವೂ ಸಂಖ್ಯೆಯೇ ಆಗಿರುವುದರಿಂದ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತಿಲ್ಲ. ಒಟ್ಟು ಮಳೆ ಸರಿಯಾಗಿಯೇ ಬರುತ್ತದೆ. ಹೇಗೆ ಹುಡುಕುವುದು?

ಉತ್ತರ:

ಒಟ್ಟು ಮಳೆ ಸರಿಯಾಗಿ ಬರುತ್ತಿದೆ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ. ಜಾರಿದ ಅಂಕಿ ಕಳೆದುಹೋಗಿಲ್ಲ, ಅದೇ ಸಾಲಿನಲ್ಲಿ ಒಂದು ಮನೆ ಆಚೆ ಕೂತಿದೆ, ಅಷ್ಟೆ. ಆದ್ದರಿಂದ ಸಾಲಿನ ಮೊತ್ತವಾಗಲಿ ವರ್ಷದ ಮೊತ್ತವಾಗಲಿ ಈ ದೋಷವನ್ನು ಎಂದಿಗೂ ತೋರಿಸುವುದಿಲ್ಲ. ಮೊತ್ತಗಳಲ್ಲಿ ಅದನ್ನು ತೋರಿಸಬಲ್ಲದ್ದು ಪುಟದ ಕೆಳಗೆ ಬರೆದಿರುವ ತಿಂಗಳವಾರು ಮೊತ್ತ ಮಾತ್ರ. ಸ್ಕ್ಯಾನ್ ಮಾಡುವಾಗ ಅನೇಕರು ಆ ಕೊನೆಯ ಸಾಲನ್ನು ಬೇಡವೆಂದು ಬಿಟ್ಟುಬಿಡುತ್ತಾರೆ. ನೀವೂ ಬಿಟ್ಟಿದ್ದರೆ ದಯವಿಟ್ಟು ಅದನ್ನು ಮೊದಲು ಸೇರಿಸಿಕೊಳ್ಳಿ, ಅದೊಂದನ್ನು ಕೈಯಿಂದಲೇ ಟೈಪ್ ಮಾಡಿದರೂ ಸರಿ. ವರ್ಷಕ್ಕೆ ಹನ್ನೆರಡು ಅಂಕಿ ಮಾತ್ರ.

ನಾನು ಇದೇ ಕೆಲಸವನ್ನು ನಮ್ಮ ಮನೆಯ ಪುಸ್ತಕದ ಮೇಲೆ ಮಾಡಿದ್ದೇನೆ. ನಮ್ಮದು ಸೋಮವಾರಪೇಟೆ ಕಡೆಯ ರೋಬಸ್ಟಾ ಕಾಫಿ ತೋಟ. ಕೊಡಗಿನ ಅನೇಕ ತೋಟಗಳಂತೆ ನಮ್ಮಲ್ಲಿಯೂ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ತೋಟದ ರೈಟರ್ ಬರೆದಿಟ್ಟಿದ್ದ ಲೆಕ್ಕವನ್ನು ಹಿರಿಯರು ಟೈಪ್ ಮಾಡಿಸಿ, ಒಂದು ವರ್ಷಕ್ಕೆ ಎದುರುಬದುರು ಎರಡು ಪುಟದಂತೆ ಬೈಂಡ್ ಮಾಡಿಸಿದ್ದರು. ಎಡಪುಟದಲ್ಲಿ ಜನವರಿಯಿಂದ ಜೂನ್, ಬಲಪುಟದಲ್ಲಿ ಜುಲೈಯಿಂದ ಡಿಸೆಂಬರ್, ಮೇಲಿನಿಂದ ಕೆಳಕ್ಕೆ 1ರಿಂದ 31ರವರೆಗೆ ತಾರೀಖು. ಮಳೆ ಬಾರದ ದಿನದ ಮನೆ ಖಾಲಿ. ಈ ಖಾಲಿ ಮನೆಗಳೇ ಜಾರುವಿಕೆಗೆ ಜಾಗ ಮಾಡಿಕೊಡುತ್ತವೆ, ಏಕೆಂದರೆ ಪಕ್ಕದ ಮನೆ ಖಾಲಿ ಇದ್ದಾಗ ಅಲ್ಲಿಗೆ ಬಂದ ಅಂಕಿ ಯಾವ ಗಲಾಟೆಯನ್ನೂ ಮಾಡದೆ ಕೂತುಬಿಡುತ್ತದೆ.

ನಾನು ಮೊದಲು ಪ್ರತಿ ತಿಂಗಳಿಗೂ ತೆಗೆದ ಅಂಕಿಗಳ ಮೊತ್ತದಿಂದ ಪುಸ್ತಕದಲ್ಲಿ ಬರೆದಿರುವ ಮೊತ್ತವನ್ನು ಕಳೆದೆ. ಆಮೇಲೆ ಆ ವ್ಯತ್ಯಾಸಗಳನ್ನು ಜನವರಿಯಿಂದ ಡಿಸೆಂಬರ್‌ವರೆಗೆ ಎಡದಿಂದ ಬಲಕ್ಕೆ ಒಂದರ ಮೇಲೊಂದು ಕೂಡಿಸುತ್ತ ಹೋದೆ. ಈ ಎರಡನೆಯ ಹೆಜ್ಜೆಯೇ ಮುಖ್ಯವಾದದ್ದು. ಯಾವುದೇ ತಿಂಗಳ ಹತ್ತಿರ ನಿಂತು ನೋಡಿದರೆ, ಅಲ್ಲಿಯವರೆಗಿನ ಕೂಡಿಕೆ ಆ ತಿಂಗಳಿಗೂ ಮುಂದಿನ ತಿಂಗಳಿಗೂ ನಡುವಿನ ಗೆರೆಯನ್ನು ದಾಟಿ ಎಷ್ಟು ಮಳೆ ಎಡಕ್ಕೆ ಬಂದಿದೆ ಎಂಬುದನ್ನು ಹೇಳುತ್ತದೆ. ಮೈನಸ್ ಬಂದರೆ ಅಷ್ಟು ಮಳೆ ಬಲಕ್ಕೆ ಹೋಗಿದೆ ಎಂದು ಅರ್ಥ. ಪೈಥಾನ್‌ನ ಪಾಂಡಾಸ್‌ನಲ್ಲಿ ಇದಕ್ಕೆ ಮೂರು ಸಾಲು ಸಾಕು. `got` ಎಂಬುದು ತಾರೀಖಿನ ಸಾಲು, ತಿಂಗಳಿನ ಕಾಲಂ ಇರುವ ಕೋಷ್ಟಕ, `printed` ಎಂಬುದು ಪುಸ್ತಕದ ಮೊತ್ತ.

```python
d = (got.sum() - printed).round(2)
flow = d.cumsum().round(2)
print(flow[flow != 0])
```

ನಮ್ಮ ಪುಸ್ತಕದ ಒಂದು ವರ್ಷದ ಹಾಳೆಯಲ್ಲಿ ಬಂದ ಅಂಕಿಗಳು ಹೀಗಿದ್ದವು. ಜುಲೈ ನಂತರದ ತಿಂಗಳುಗಳಲ್ಲಿ ವ್ಯತ್ಯಾಸ ಇರಲಿಲ್ಲ.

| ತಿಂಗಳು | ಪುಸ್ತಕದ ಮೊತ್ತ | ತೆಗೆದ ಮೊತ್ತ | ವ್ಯತ್ಯಾಸ | ಕೂಡಿಕೆ |
|---|---|---|---|---|
| ಜನವರಿ | 0.00 | 0.00 | 0 | 0 |
| ಫೆಬ್ರವರಿ | 0.40 | 1.35 | +0.95 | 0.95 |
| ಮಾರ್ಚ್ | 2.15 | 1.20 | −0.95 | 0 |
| ಏಪ್ರಿಲ್ | 3.60 | 3.60 | 0 | 0 |
| ಮೇ | 5.05 | 5.05 | 0 | 0 |
| ಜೂನ್ | 24.30 | 27.42 | +3.12 | 3.12 |
| ಜುಲೈ | 41.75 | 38.63 | −3.12 | 0 |

ಕೊನೆಯ ಕಾಲಂ ಅನ್ನು ನೋಡಿ. ಫೆಬ್ರವರಿಯಲ್ಲಿ ಏರಿ ಮಾರ್ಚ್‌ನಲ್ಲಿ ಸೊನ್ನೆಗೆ ಇಳಿದಿದೆ; ಹಾಗಾಗಿ ಮಾರ್ಚ್‌ನ 95 ಸೆಂಟ್ ಮಳೆ ಒಂದು ಮನೆ ಎಡಕ್ಕೆ ಜಾರಿದೆ. ಒಂದು ವೇಳೆ ಅದು ಎರಡು ಮನೆ ಜಾರಿ ಜನವರಿಗೆ ಹೋಗಿದ್ದರೆ, ಜನವರಿ ಮತ್ತು ಫೆಬ್ರವರಿ ಎರಡರಲ್ಲಿಯೂ ಕೂಡಿಕೆ 0.95 ಎಂದೇ ನಿಲ್ಲುತ್ತಿತ್ತು. ಏರಿ ಮತ್ತೆ ಸೊನ್ನೆಗೆ ಇಳಿಯುವ ಗುಡ್ಡ ಜಾರುವಿಕೆಯ ಗುರುತು, ಗುಡ್ಡದ ಅಗಲ ಎಷ್ಟು ಮನೆ ಜಾರಿದೆ ಎಂಬುದರ ಅಳತೆ. ಇದಕ್ಕೆ ಬದಲಾಗಿ ಒಂದು ಅಂಕಿಯನ್ನು ಯಂತ್ರ ತಪ್ಪಾಗಿ ಓದಿದ್ದರೆ, ಉದಾಹರಣೆಗೆ ಸೆಪ್ಟೆಂಬರ್‌ನ 0.35 ಅನ್ನು 0.85 ಎಂದು ಓದಿದ್ದರೆ, ಕೂಡಿಕೆ ಸೆಪ್ಟೆಂಬರ್‌ನಲ್ಲಿ 0.50ಕ್ಕೆ ಏರಿ ಡಿಸೆಂಬರ್‌ವರೆಗೂ ಅಲ್ಲಿಯೇ ಉಳಿಯುತ್ತದೆ. ಅದು ಮೆಟ್ಟಿಲು. ಗುಡ್ಡವೋ ಮೆಟ್ಟಿಲೋ ಎಂದು ಮೊದಲೇ ತಿಳಿದುಕೊಂಡರೆ ಜಾರುವಿಕೆಯನ್ನು ಹುಡುಕಬೇಕಾದ ಕಡೆ ತಪ್ಪು ಓದನ್ನು ಹುಡುಕುತ್ತ ಸಂಜೆ ಕಳೆಯಬೇಕಾಗುವುದಿಲ್ಲ.

ಇನ್ನು ಯಾವ ತಾರೀಖಿನ ಅಂಕಿ ಎಂಬುದು. ಫೆಬ್ರವರಿಯಲ್ಲಿ 0.95 ಇದ್ದದ್ದು 14ನೇ ತಾರೀಖಿನಲ್ಲಿ ಮಾತ್ರ, ಅದೇ ಸಾಲಿನಲ್ಲಿ ಮಾರ್ಚ್ ಖಾಲಿ ಇತ್ತು. ಚಿತ್ರವನ್ನು ತೆರೆದು ನೋಡಿದಾಗ ಕಾರಣವೂ ಸಿಕ್ಕಿತು. ಚಿತ್ರದಿಂದ ಅಕ್ಷರ ಓದಲು ನಾನು ಬಳಸಿದ್ದ ಟೆಸರಾಕ್ಟ್ ತಂತ್ರಾಂಶ ಆ ಸಾಲಿನಲ್ಲಿ ಕಾಲಂ ನಡುವಿನ ಗೆರೆಯನ್ನೂ ಅಕ್ಷರವೆಂದು ತಿಳಿದು `|0.95` ಎಂದು ಒಂದೇ ಪದವಾಗಿ ಓದಿತ್ತು. ನಾನು ಆ ಗೀಟನ್ನು ಆಮೇಲೆ ಅಳಿಸಿದ್ದೆ, ಆದರೆ ಪದದ ಚೌಕಟ್ಟು ಗೆರೆಯಿಂದಲೇ ಆರಂಭವಾಗಿತ್ತು. ಪದದ ಎಡ ಅಂಚು ಯಾವ ಎರಡು ಗೆರೆಗಳ ನಡುವೆ ಬೀಳುತ್ತದೆಯೋ ಆ ತಿಂಗಳಿಗೆ ಅಂಕಿಯನ್ನು ಹಾಕುವುದು ನನ್ನ ಕ್ರಮವಾಗಿತ್ತು. ಕೂದಲೆಳೆಯಷ್ಟು ಎಡಕ್ಕೆ ಬಿದ್ದದ್ದರಿಂದ ಮಾರ್ಚ್‌ನ ಮಳೆ ಫೆಬ್ರವರಿಯದಾಯಿತು. ನಮಗೆ ಇದು ಸಣ್ಣ ವಿಷಯವಲ್ಲ. ರೋಬಸ್ಟಾಕ್ಕೆ ಹೂಮಳೆ ಬಿದ್ದ ವಾರ ಹತ್ತು ದಿನದಲ್ಲಿ ಹೂ ಅರಳುತ್ತದೆ. ಆ ವರ್ಷದ ಹೂಮಳೆ ಫೆಬ್ರವರಿ 14ಕ್ಕೆ ಬಂತೆಂದು ನಂಬಿದ್ದರೆ, ಸ್ಪ್ರಿಂಕ್ಲರ್ ಹಾಕುವ ಕಾಲದ ಬಗ್ಗೆ ಹಳೆಯ ವರ್ಷಗಳಿಂದ ನಾನು ತೆಗೆಯಲು ಹೊರಟಿದ್ದ ತೀರ್ಮಾನವೇ ಒಂದು ತಿಂಗಳು ಆಚೀಚೆ ಆಗುತ್ತಿತ್ತು.

ಜೂನ್‌ನ ಪ್ರಕರಣ ಇನ್ನೂ ಸ್ವಾರಸ್ಯಕರವಾಗಿದೆ. ಅಲ್ಲಿ 3.12 ಎಂಬ ಒಂದೇ ಅಂಕಿ ಎಲ್ಲಿಯೂ ಇರಲಿಲ್ಲ, ಅಂದರೆ ಒಂದಕ್ಕಿಂತ ಹೆಚ್ಚು ಅಂಕಿ ಜಾರಿರಬೇಕು. ಇಲ್ಲಿ ಪಂಚಾಂಗವೇ ಸಹಾಯಕ್ಕೆ ಬಂತು. ಜೂನ್‌ಗೆ 31ನೇ ತಾರೀಖು ಇಲ್ಲ. ಹಾಗೆಯೇ ಏಪ್ರಿಲ್, ಸೆಪ್ಟೆಂಬರ್, ನವೆಂಬರ್‌ಗಳ 31 ಮತ್ತು ಫೆಬ್ರವರಿಯ 30, 31 ಯಾವಾಗಲೂ ಖಾಲಿ ಇರಲೇಬೇಕಾದ ಮನೆಗಳು. ಅಲ್ಲಿ ಒಂದು ಅಂಕಿ ಕಂಡರೆ ಮೊತ್ತ ನೋಡುವ ಅಗತ್ಯವೇ ಇಲ್ಲದೆ ಜಾರುವಿಕೆ ಖಚಿತ.

```python
bad = {"Feb": [30, 31], "Apr": [31], "Jun": [31],
       "Sep": [31], "Nov": [31]}
for m, days in bad.items():
    x = got.loc[days, m].dropna()
    if len(x):
        print(m, x.to_dict())
```

ಇದು ಜೂನ್ 31ರಲ್ಲಿ 1.74 ಇದೆ ಎಂದು ತೋರಿಸಿತು. 3.12ರಿಂದ 1.74 ಕಳೆದರೆ 1.38 ಉಳಿಯುತ್ತದೆ, ಅದು ಜೂನ್ 30ರಲ್ಲಿ ಇತ್ತು, ಆ ಸಾಲಿನ ಜುಲೈ ಮನೆ ಖಾಲಿ. ಆದರೆ ಎರಡು ಅಂಕಿಗಳ ಮೊತ್ತ ಹೊಂದಿತು ಎಂಬಷ್ಟಕ್ಕೆ ತೃಪ್ತರಾಗಬೇಡಿ. ಮೂವತ್ತು ಅಂಕಿಗಳಿರುವ ತಿಂಗಳಲ್ಲಿ ಆಕಸ್ಮಿಕವಾಗಿ ಹೊಂದುವ ಜೋಡಿಗಳೂ ಸಿಗುತ್ತವೆ. ಆದ್ದರಿಂದ ಮೂರನೆಯ ಸಾಕ್ಷಿಯಾಗಿ ಜಾಗವನ್ನು ಅಳೆಯಬೇಕು.

ಟೆಸರಾಕ್ಟ್‌ನ ಟಿಎಸ್‌ವಿ ಕಡತದಲ್ಲಿ ಪ್ರತಿ ಪದಕ್ಕೂ `left` ಮತ್ತು `width` ಇರುತ್ತವೆ. ನಮ್ಮ ಚಿತ್ರ 200 ಡಿಪಿಐಯದು, ಒಂದು ಕಾಲಂ ಸುಮಾರು 110 ಪಿಕ್ಸೆಲ್, ಅಂದರೆ 14 ಮಿಲಿಮೀಟರ್ ಅಗಲ. ಜುಲೈ ಅಂಕಿಗಳು ಪುಟದ ಮೇಲ್ಭಾಗದಲ್ಲಿ ಗೆರೆಯಿಂದ 24 ಪಿಕ್ಸೆಲ್ ಬಲಕ್ಕೆ ಆರಂಭವಾಗುತ್ತಿದ್ದವು. 28ರಲ್ಲಿ ಆ ಅಂತರ 9 ಆಯಿತು, 29ರಲ್ಲಿ 3, 30ರಲ್ಲಿ −4, 31ರಲ್ಲಿ −11. ಹೀಗೆ ಮೆಲ್ಲಗೆ ಇಳಿಯುತ್ತ ಬಂದು ಗೆರೆ ದಾಟಿದೆ ಎಂದರೆ ಅದು ಕಾಗದದ ಬಾಗು: ಜುಲೈ ಕಾಲಂ ಬೈಂಡಿಂಗ್‌ನ ಪಕ್ಕದಲ್ಲಿಯೇ ಇದ್ದು, ಸ್ಕ್ಯಾನ್ ಮಾಡುವಾಗ ಪುಟದ ಕೆಳಭಾಗ ಗಾಜಿನಿಂದ ಎದ್ದಿತ್ತು. ಫೆಬ್ರವರಿ 14ರಲ್ಲಿ ಹಾಗಿರಲಿಲ್ಲ. ಮೇಲಿನ ಕೆಳಗಿನ ಸಾಲುಗಳು ಸ್ವಸ್ಥಾನದಲ್ಲಿದ್ದು ಅದೊಂದೇ ಹಾರಿತ್ತು, ಆದ್ದರಿಂದ ಅದು ಚೌಕಟ್ಟಿನ ದೋಷ. ಇಡೀ ಹಾಳೆ ಓರೆಯಾಗಿದ್ದರೆ ಮೂರನೆಯ ಬಗೆ ಕಾಣುತ್ತದೆ: ಎಲ್ಲ ಕಾಲಂಗಳೂ ಒಟ್ಟಿಗೆ ಒಂದೇ ಕಡೆ ಸರಿಯುತ್ತವೆ. 250 ಮಿಲಿಮೀಟರ್ ಎತ್ತರದ ಹಾಳೆ ಒಂದು ಡಿಗ್ರಿ ಓರೆಯಾದರೂ ಕೆಳಗಿನ ಸಾಲು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಸರಿಯುತ್ತದೆ.

ಎಡ ಅಂಚಿನ ಬದಲು ಪದದ ಮಧ್ಯಬಿಂದುವನ್ನು, ಅಂದರೆ `left + width / 2` ಅನ್ನು, ಆಧಾರ ಮಾಡಿಕೊಂಡಾಗ ಈ ಮೂರು ಜಾರುವಿಕೆಗಳೂ ತಾವಾಗಿಯೇ ಸರಿಯಾದವು. ಆದರೂ ಪರೀಕ್ಷೆಯನ್ನು ಬಿಡಲಿಲ್ಲ.

ಎರಡು ಕಡೆ ಈ ವಿಧಾನ ಕೈಕೊಡುತ್ತದೆ. ಒಂದೇ ಗೆರೆಯನ್ನು ಒಂದು ಅಂಕಿ ಎಡಕ್ಕೂ ಅಷ್ಟೇ ದೊಡ್ಡ ಇನ್ನೊಂದು ಅಂಕಿ ಬಲಕ್ಕೂ ದಾಟಿದ್ದರೆ ಕೂಡಿಕೆ ಸೊನ್ನೆಯೇ ಬರುತ್ತದೆ. ಅಲ್ಲಿ ಜಾಗದ ಅಳತೆಯೊಂದೇ ದಾರಿ. ಇನ್ನೊಂದು, ಜಾರಿದ ಅಂಕಿ ಬಂದ ಮನೆ ಖಾಲಿ ಇರದಿದ್ದರೆ ಒಂದೇ ಮನೆಯಲ್ಲಿ `1.20 0.64` ಎಂದು ಎರಡು ಅಂಕಿ ಸೇರುತ್ತವೆ. ಅದನ್ನು `pd.to_numeric` ಮೂಲಕ `errors="coerce"` ಎಂದು ಹಾಯಿಸಿದರೆ ಎರಡೂ ಸದ್ದಿಲ್ಲದೆ ಮಾಯವಾಗುತ್ತವೆ, ಮುಂದೆ ಕೂಡಿಕೆಯಲ್ಲಿ ಗುಡ್ಡದ ಜೊತೆಗೆ ಮೆಟ್ಟಿಲೂ ಬೆರೆತು ಗೊಂದಲವಾಗುತ್ತದೆ. ಸಂಖ್ಯೆಯಾಗಿ ಬದಲಿಸುವ ಮೊದಲೇ ಒಂದು ಮನೆಯಲ್ಲಿ ಎರಡು ಪದ ಇರುವ ಸಾಲುಗಳನ್ನು ಬೇರೆ ತೆಗೆದಿಡಿ.

ಪುಸ್ತಕದ ಮೊತ್ತವೇ ತಪ್ಪಿರುವ ಸಾಧ್ಯತೆಯೂ ಇದೆ. ಕೈಯಿಂದ ಕೂಡಿದ ಲೆಕ್ಕವಲ್ಲವೇ? ಅದೂ ಮೆಟ್ಟಿಲಾಗಿಯೇ ಕಾಣುತ್ತದೆ. ನಮ್ಮ ಇನ್ನೊಂದು ವರ್ಷದ ಹಾಳೆಯಲ್ಲಿ ಅಕ್ಟೋಬರ್‌ನಿಂದ 10 ಸೆಂಟ್ ಹಾಗೆಯೇ ಉಳಿದಿತ್ತು. ಮೂವತ್ತೊಂದು ಮನೆಗಳನ್ನೂ ಚಿತ್ರದೊಡನೆ ಒಂದೊಂದಾಗಿ ಹೋಲಿಸಿದೆ, ಎಲ್ಲವೂ ಸರಿ ಇದ್ದವು. ಅಲ್ಲಿ ಅಂಕಿಗಳನ್ನು ಮುಟ್ಟದೆ, ಪಕ್ಕದಲ್ಲಿ ಒಂದು ಟಿಪ್ಪಣಿ ಕಾಲಂ ಸೇರಿಸಿ ಪುಸ್ತಕದ ಮೊತ್ತವನ್ನೂ ನನ್ನ ಮೊತ್ತವನ್ನೂ ಬರೆದಿಟ್ಟೆ. ಫೆಬ್ರವರಿ 14, ಜೂನ್ 30 ಮತ್ತು 31ರ ಅಂಕಿಗಳು ಎಲ್ಲಿಂದ ಎಲ್ಲಿಗೆ ಬದಲಾದವು ಎಂಬುದೂ ಅದೇ ಕಾಲಂನಲ್ಲಿದೆ.